ಶಬ್ದಗಳ ವಹಿ

ತಂಗೀ, ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಸ್ ತಗೊಂಡಿದ್ದೀ ಅಂತ ಕೇಳಿ ಬಹಳ ಸಂತೋಷವಾಯಿತು. ಹತ್ತು ವರ್ಷ ಕನ್ನಡದಲ್ಲೇ ಓದಿದವಳು ನೀನು. ಇನ್ನು ದಿನಾ ಗುಂಡಗುರ್ತಿಯಿಂದ ಬಸ್ಸು ಹತ್ತಿ ಹೋಗಿ ಇಂಗ್ಲಿಷಿನಲ್ಲಿ ಪಾಠ ಕೇಳಬೇಕು. ಚಿತ್ತಾಪುರ, ವಾಡಿ, ಶಹಾಬಾದ, ಸೇಡಂ, ಚಿಂಚೋಳಿ ಕಡೆಯಿಂದ ಹೀಗೆ ಪಿ.ಯು.ಗೆ ಹೋದ ಎಷ್ಟೋ ಮಕ್ಕಳ ಪುಸ್ತಕಗಳನ್ನು ವಿಜ್ಞಾನದ ಮಾಸ್ತರನಾಗಿ ನಾನು ಬಿಡಿಸಿ ನೋಡಿದ್ದೇನೆ. ಸಾಲುಸಾಲಿನ ಮೇಲೆ ಪೆನ್ಸಿಲಿನಲ್ಲಿ ಬರೆದ ಕನ್ನಡ ಅರ್ಥಗಳಿರುತ್ತವೆ. ಒಂದು ಇಂಗ್ಲಿಷ್ ಶಬ್ದ, ಅದರ ನೆತ್ತಿಯ ಮೇಲೆ ಒಂದು ಕನ್ನಡ ಶಬ್ದ. ಪುಟವೆಲ್ಲ ತುಂಬಿರುತ್ತದೆ, ಆದರೆ ಅದೇ ಪುಟದ ಲೆಕ್ಕ ಬಿಡಿಸು ಅಂದರೆ ಕೈ ನಿಂತುಬಿಡುತ್ತದೆ. ಮಕ್ಕಳ ಬುದ್ಧಿಯಲ್ಲಿ ಏನೂ ಕೊರತೆಯಿಲ್ಲ, ಅರ್ಥ ಬರೆದುಕೊಳ್ಳುವ ಕ್ರಮ ಸರಿಯಿಲ್ಲ. ಆ ಕ್ರಮದ ಬಗ್ಗೆ ಇವತ್ತು ನಿನಗೆ ಹೇಳಬೇಕಾಗಿದೆ.

ಮೊದಲನೆಯದಾಗಿ, ನಿನ್ನ ಒಂಬತ್ತು ಮತ್ತು ಹತ್ತನೇ ತರಗತಿಯ ಕನ್ನಡ ವಿಜ್ಞಾನ ಪುಸ್ತಕಗಳನ್ನು ಯಾರಿಗೂ ಕೊಡಬೇಡ, ರದ್ದಿಗಂತೂ ಹಾಕಲೇಬೇಡ. ನಮ್ಮ ರಾಜ್ಯದ ಆ ಪುಸ್ತಕಗಳು ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪ. ಅದೇ ಪುಸ್ತಕ ಇಂಗ್ಲಿಷ್ ಮಾಧ್ಯಮದವರಿಗೂ ಇದೆ. ಪಾಠ ಅದೇ, ಚಟುವಟಿಕೆ ಅದೇ, ಚಿತ್ರ ಅದೇ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಆ ಇಂಗ್ಲಿಷ್ ಪುಸ್ತಕವನ್ನು ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ನಿನ್ನ ಪುಸ್ತಕ ಅಚ್ಚಾದ ವರ್ಷದ್ದೇ ಸಿಕ್ಕರೆ ಒಳ್ಳೆಯದು, ಏಕೆಂದರೆ ನಡುವೆ ಕೆಲವು ಭಾಗಗಳನ್ನು ತೆಗೆದಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತರೆ, ಯಾವ ಡಿಕ್ಷನರಿಯೂ ಕೊಡದ ಪದಕೋಶ ನಿನ್ನ ಮುಂದೆ ತಾನಾಗಿ ತೆರೆದುಕೊಳ್ಳುತ್ತದೆ. ಡಿಕ್ಷನರಿಯಲ್ಲಿ ಒಂದು ಶಬ್ದಕ್ಕೆ ಎಂಟು ಅರ್ಥ ಇರುತ್ತವೆ, ಅದರಲ್ಲಿ ಇಲ್ಲಿ ಯಾವುದು ಅಂತ ಹುಡುಕುವುದೇ ಒಂದು ತಲೆನೋವು. ಎರಡು ಪುಸ್ತಕ ಜೋಡಿಸಿದಾಗ ಆ ತೊಂದರೆ ಇಲ್ಲ, ಆ ಜಾಗಕ್ಕೆ ಬೇಕಾದ ಅರ್ಥವೇ ಎದುರಿಗಿರುತ್ತದೆ.

ಹತ್ತನೇ ತರಗತಿಯ ಮೊದಲ ಪಾಠವನ್ನೇ ತಗೊ. ಸುಟ್ಟ ಸುಣ್ಣಕ್ಕೆ ನೀರು ಹಾಕುವ ಚಟುವಟಿಕೆ ನೆನಪಿದೆಯಲ್ಲ? ನಮ್ಮ ಸೀಮೆಯ ಮಕ್ಕಳಿಗೆ ಅದನ್ನು ಪುಸ್ತಕ ಹೇಳಿಕೊಡಬೇಕಿಲ್ಲ. ಶಹಾಬಾದದ ಫರಸಿ ಸುಣ್ಣದ ಕಲ್ಲೇ, ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದೇ ಕಲ್ಲಿಗಾಗಿ. ಹಬ್ಬದ ಮುಂಚೆ ಸುಣ್ಣ ಅರಳಿಸುವಾಗ ಕೊಡ ಎಷ್ಟು ಬಿಸಿಯಾಗುತ್ತದೆ ಎಂಬುದು ನಿಮ್ಮಜ್ಜಿಗೆ ಗೊತ್ತು. ಈಗ ಇಂಗ್ಲಿಷ್ ಪುಸ್ತಕದಲ್ಲಿ ಅದೇ ಪುಟ ತೆಗೆ. ಸುಣ್ಣದ ಕಲ್ಲು ಅಲ್ಲಿ ಲೈಮ್‌ಸ್ಟೋನ್, ಸುಟ್ಟ ಸುಣ್ಣ ಕ್ವಿಕ್‌ಲೈಮ್, ಅರಳಿದ ಸುಣ್ಣ ಸ್ಲೇಕ್ಡ್ ಲೈಮ್. ಸಂಯೋಗ ಕ್ರಿಯೆ ಕಾಂಬಿನೇಷನ್ ರಿಯಾಕ್ಷನ್ ಆಗಿದೆ, ಬಹಿರುಷ್ಣಕ ಎಕ್ಸೋಥರ್ಮಿಕ್ ಆಗಿದೆ, ಪ್ರತಿವರ್ತಕ ರಿಯಾಕ್ಟಂಟ್ ಆಗಿದೆ. ಇವು ನಿನಗೆ ಮೊದಲೇ ಗೊತ್ತಿರುವ ವಿಷಯಗಳ ಹೊಸ ಹೆಸರು ಮಾತ್ರ. ಶಬ್ದಗಳಿಗೆಂದೇ ಒಂದು ವಹಿ ಇಟ್ಟುಕೊ, ಇಂಥವನ್ನು ಅದರಲ್ಲಿ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗು. ವೇಗೋತ್ಕರ್ಷ ಅಂದರೆ ಆಕ್ಸಿಲರೇಷನ್, ಸಂವೇಗ ಅಂದರೆ ಮೊಮೆಂಟಮ್, ಜಡತ್ವ ಅಂದರೆ ಇನರ್ಷಿಯಾ. ರಜೆಯಲ್ಲಿ ದಿನಕ್ಕೆ ಅರ್ಧ ಗಂಟೆ ಕೂತರೆ ಎರಡು ವರ್ಷದ ಪುಸ್ತಕಗಳು ಮುಗಿಯುತ್ತವೆ. ಇವುಗಳ ಬಗ್ಗೆ ನನಗೆ ಚಿಂತೆಯಿಲ್ಲ.

ಚಿಂತೆ ಇರುವುದು, ನೋಡಿದ ಕೂಡಲೇ ಗೊತ್ತು ಅನ್ನಿಸುವ ಶಬ್ದಗಳ ಬಗ್ಗೆ. ವರ್ಕ್, ಪವರ್, ವೇಟ್, ಸ್ಟ್ರಾಂಗ್, ಟೆನ್ಷನ್. ಇವುಗಳಿಗೆ ಯಾರೂ ಅರ್ಥ ಬರೆದುಕೊಳ್ಳುವುದೇ ಇಲ್ಲ, ಯಾಕಂದರೆ ಇವು ನಮ್ಮ ಬಾಯಲ್ಲೇ ಇವೆ. ಎಡವುವುದು ಇಲ್ಲೇ.

ಇದು ಇಂಗ್ಲಿಷಿನ ದೋಷ ಅಂತ ತಿಳಿಯಬೇಡ. ಕನ್ನಡದಲ್ಲಿ ಓದುವಾಗಲೂ ಇದನ್ನು ನೀನು ದಾಟಿ ಬಂದಿದ್ದೀ. ನಮ್ಮೂರಲ್ಲಿ ರಾಶಿ ಅಂದರೆ ಏನು? ತೊಗರಿ ರಾಶಿ, ಜೋಳದ ರಾಶಿ. ಬೆಳೆ ಬಡಿದು, ತೂರಿ, ಕಾಳು ಗುಡ್ಡೆ ಹಾಕುವುದು. ಒಂಬತ್ತನೇ ತರಗತಿಯ ಪುಸ್ತಕದಲ್ಲಿ ರಾಶಿ ಅಂದರೆ ಒಂದು ವಸ್ತುವಿನ ಜಡತ್ವದ ಅಳತೆ. ಎರಡಕ್ಕೂ ಹೆಸರು ಒಂದೇ, ಆದರೂ ಪರೀಕ್ಷೆಯಲ್ಲಿ ನೀನು ಕಣದ ರಾಶಿ ಬರೆದು ಬರಲಿಲ್ಲ. ಎಲ್ಲಿ ಯಾವುದು ಎಂಬ ಎಚ್ಚರ ನಿನಗೆ ಆಗಲೇ ಬಂದಿದೆ. ಆ ಎಚ್ಚರವನ್ನೇ ಈಗ ಇಂಗ್ಲಿಷ್ ಶಬ್ದಗಳ ಮೇಲೂ ಇಡಬೇಕು.

ವರ್ಕ್ ಎಂಬ ಶಬ್ದವನ್ನು ನಿನ್ನ ವಹಿಯಲ್ಲಿ ಹೇಗೆ ಬರೆಯಬೇಕು ಅಂತ ಪೂರ್ತಿ ಮಾಡಿ ತೋರಿಸುತ್ತೇನೆ. ಬರೀ ‘ಕೆಲಸ’ ಅಂತ ಬರೆದರೆ ಅದು ಅರ್ಧವೂ ಆಗಲಿಲ್ಲ. ಫರಸಿ ಹೊರುವವನನ್ನು ಮನಸ್ಸಿಗೆ ತಂದುಕೊ. 20 ಕಿಲೋಗ್ರಾಂ ರಾಶಿಯ ಒಂದು ಕಲ್ಲನ್ನು ನೆಲದಿಂದ ಒಂದೂವರೆ ಮೀಟರ್ ಮೇಲೆತ್ತಿ ತಲೆಯ ಮೇಲೆ ಇಟ್ಟುಕೊಂಡ. ಕಲ್ಲಿನ ತೂಕ 20ನ್ನು 9.8ರಿಂದ ಗುಣಿಸಿದಷ್ಟು, ಅಂದರೆ 196 ನ್ಯೂಟನ್. ಅಷ್ಟೇ ಬಲವನ್ನು ಅವನು ಮೇಲ್ಮುಖವಾಗಿ ಹಾಕಿದ, ಕಲ್ಲೂ ಮೇಲ್ಮುಖವಾಗಿ 1.5 ಮೀಟರ್ ಸರಿಯಿತು. ಗುಣಿಸಿದರೆ 294 ಜೂಲ್. ಇಷ್ಟು ವರ್ಕ್ ಆಯಿತು. ಈಗ ಅದೇ ಕಲ್ಲು ಹೊತ್ತು ಸಮತಟ್ಟು ನೆಲದ ಮೇಲೆ ಒಂದೇ ವೇಗದಲ್ಲಿ ನೂರು ಮೀಟರ್ ನಡೆದು ಲಾರಿಯ ಹತ್ತಿರ ಹೋದ. ಕಲ್ಲನ್ನು ಹಿಡಿದಿಟ್ಟ ಬಲ ಮೇಲಕ್ಕೆ, ಕಲ್ಲು ಸರಿದದ್ದು ಅಡ್ಡಕ್ಕೆ. ಆ ಬಲ ಮಾಡಿದ ವರ್ಕ್ ಸೊನ್ನೆ.

‘ಬೆವರು ಸುರಿಸಿ ಹೊತ್ತಾನ, ಕೆಲಸ ಸೊನ್ನೆ ಹ್ಯಾಂಗ ಆಗ್ತದರಿ?’ ಅಂತ ಮಕ್ಕಳು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಅವನ ಸ್ನಾಯುಗಳು ದುಡಿದದ್ದು ನಿಜ, ಮೈಯೊಳಗಿನ ಶಕ್ತಿ ಖರ್ಚಾದದ್ದೂ ನಿಜ. ಆದರೆ ಭೌತಶಾಸ್ತ್ರ ಈ ಶಬ್ದವನ್ನು ಒಂದೇ ಒಂದು ಲೆಕ್ಕಕ್ಕೆ ಮೀಸಲಿಟ್ಟಿದೆ: ವಸ್ತು ಯಾವ ದಿಕ್ಕಿಗೆ ಸರಿಯಿತೋ ಆ ದಿಕ್ಕಿನಲ್ಲಿ ಬಲದ ಎಷ್ಟು ಭಾಗ ಇತ್ತು, ಅದನ್ನು ಸರಿದ ದೂರದಿಂದ ಗುಣಿಸು. ಹೀಗಾಗಿ ವಹಿಯಲ್ಲಿ ನೀನು ಬರೆಯುವುದು ಇದು. ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಶಬ್ದ, ಪಕ್ಕದಲ್ಲಿ ಹಳೆಯ ಪುಸ್ತಕದ ‘ಕೆಲಸ’. ಕೆಳಗೆ ನಿನ್ನ ಮಾತಿನಲ್ಲಿ ಒಂದು ಸಾಲು: ‘ವಸ್ತು ಸರಿದ ದಿಕ್ಕಿನಲ್ಲಿರುವ ಬಲದ ಭಾಗ ಮಾತ್ರ ಲೆಕ್ಕಕ್ಕೆ; ಬಲಕ್ಕೆ ಲಂಬವಾಗಿ ಸರಿದರೆ ಸೊನ್ನೆ.’ ಅದರ ಕೆಳಗೆ ಸೂತ್ರ W = F s cos θ, ಮತ್ತು ಮಾನ ಜೂಲ್. ಕೊನೆಗೆ ‘ಫರಸಿ ಹೊತ್ತು ನಡೆಯುವವನು’ ಅಂತ ಒಂದು ಉದಾಹರಣೆ. ಐದು ಸಾಲಾಯಿತು. ಈ ಐದು ಸಾಲು ಮಾಡುವ ಉಪಕಾರವನ್ನು ಐವತ್ತು ಶಬ್ದಗಳ ಬರೀ ಅರ್ಥಪಟ್ಟಿ ಮಾಡುವುದಿಲ್ಲ.

ಮನೆಮಾತಿನಲ್ಲಿ ಸೇರಿಹೋದ ಇಂಗ್ಲಿಷ್ ಶಬ್ದಗಳಿಗೂ ಹೀಗೇ ಮಾಡು. ‘ಕರೆಂಟ್ ಬಿಲ್ ಬಂದದ’ ಅನ್ನುತ್ತೇವೆ. ಜೆಸ್ಕಾಂ ಬಿಲ್ಲಿನಲ್ಲಿ ಲೆಕ್ಕ ಹಾಕಿರುವ ಯೂನಿಟ್ ಕರೆಂಟಿನದ್ದಲ್ಲ, ಎನರ್ಜಿಯದ್ದು. ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಅವರ್, ಅಂದರೆ 36 ಲಕ್ಷ ಜೂಲ್. ಪುಸ್ತಕದಲ್ಲಿ ಕರೆಂಟ್ ಅಂದರೆ ಒಂದು ಸೆಕೆಂಡಿಗೆ ತಂತಿಯ ಮೂಲಕ ಹರಿಯುವ ವಿದ್ಯುದಾವೇಶ, ಅದರ ಮಾನ ಆಂಪಿಯರ್. ಪವರ್ ಅಂದರೆ ಒಂದು ಸೆಕೆಂಡಿಗೆ ಬಳಕೆಯಾದ ಎನರ್ಜಿ, ಅದರ ಮಾನ ವ್ಯಾಟ್. ಪರೀಕ್ಷೆ ಬಂದಾಗ ಆಗುವ ಟೆನ್ಷನ್ ಬೇರೆ, ಹಗ್ಗವನ್ನು ಬಿಗಿಯಾಗಿ ಎಳೆದಾಗ ಅದರಲ್ಲಿ ಇರುವ ಟೆನ್ಷನ್ ಎಂಬ ಬಲ ಬೇರೆ. ರಸಾಯನಶಾಸ್ತ್ರದಲ್ಲಿ ಸ್ಟ್ರಾಂಗ್ ಆಸಿಡ್ ಅಂದರೆ ನೀರಿನಲ್ಲಿ ಪೂರ್ತಿಯಾಗಿ ಅಯಾನುಗಳಾಗಿ ಬಿಡಿಬಿಡಿಯಾಗುವ ಆಮ್ಲ. ನಮ್ಮ ಚಹಾ ಸ್ಟ್ರಾಂಗ್ ಆಗುವುದು ಪುಡಿ ಹೆಚ್ಚಾದಾಗ, ಪುಸ್ತಕದಲ್ಲಿ ಅದಕ್ಕೆ ಕಾನ್ಸೆಂಟ್ರೇಟೆಡ್ ಅನ್ನುತ್ತಾರೆ, ನಿನ್ನ ಹಳೆಯ ಪುಸ್ತಕದ ಸಾರಯುಕ್ತ. ಹೀಗಾಗಿ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಎಷ್ಟೇ ನೀರು ಬೆರೆಸಿದರೂ ಅದು ಸ್ಟ್ರಾಂಗ್ ಆಸಿಡ್ಡೇ. ಅಸಿಟಿಕ್ ಆಮ್ಲವನ್ನು ಎಷ್ಟೇ ಸಾರಯುಕ್ತ ಮಾಡಿದರೂ ಅದು ವೀಕ್ ಆಸಿಡ್ಡೇ. ಇಂಥ ಜೋಡಿಗಳನ್ನು ಬೇರೆ ಬೇರೆ ಪುಟದಲ್ಲಿ ಬರೆಯಬೇಡ, ಎದುರುಬದುರು ಬರೆ.

ಇನ್ನು ಮೂರನೆಯ ಬಗೆ. ಇವು ಪದಕೋಶಕ್ಕೆ ಸೇರುವ ಶಬ್ದಗಳು ಅಂತ ಯಾರಿಗೂ ಅನ್ನಿಸುವುದಿಲ್ಲ. ವಿಜ್ಞಾನದ ಪಾರಿಭಾಷಿಕ ಪದಗಳಲ್ಲ, ಸಾಲಿನಲ್ಲಿ ಅಲ್ಲಲ್ಲಿ ಕೂತ ಸಣ್ಣ ಶಬ್ದಗಳು. ನನ್ನ ಅನುಭವದಲ್ಲಿ ಕನ್ನಡ ಮಾಧ್ಯಮದ ಮಕ್ಕಳ ಮಾರ್ಕು ಅತಿ ಹೆಚ್ಚು ಹೋಗುವುದು ಇವುಗಳಿಂದಲೇ.

ಸುಣ್ಣದ ಕಲ್ಲಿನದೇ ಒಂದು ಲೆಕ್ಕ ನೋಡು. ಶೇಕಡಾ 80ರಷ್ಟು ಶುದ್ಧವಾದ 250 ಗ್ರಾಂ ಲೈಮ್‌ಸ್ಟೋನನ್ನು ಬಲವಾಗಿ ಕಾಯಿಸಿದರೆ ಎಷ್ಟು ಕ್ವಿಕ್‌ಲೈಮ್ ದೊರೆಯುತ್ತದೆ, ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿ ವಿಭಜನೆಯಾಯಿತು ಎಂದು ಭಾವಿಸು. ಕನ್ನಡದಲ್ಲಿ ಹೇಳಿದರೆ ನೀನು ಕೂತಲ್ಲೇ ಬಿಡಿಸುತ್ತೀ. ಇಂಗ್ಲಿಷಿನಲ್ಲಿ ಅದು ಎರಡು ವಾಕ್ಯ. ಪ್ರಶ್ನೆಯ ಕ್ರಿಯಾಪದ ‘ಕ್ಯಾಲ್ಕ್ಯುಲೇಟ್’ ಎಲ್ಲಕ್ಕಿಂತ ಮೊದಲು ಬಂದುಬಿಡುತ್ತದೆ, ಆಮೇಲೆ ಏನನ್ನು ಎಂಬುದು, ‘ಆಫ್ 80 ಪರ್ಸೆಂಟ್ ಪ್ಯೂರಿಟಿ’ ನಡುವೆ ಎಲ್ಲೋ, ಕೊನೆಗೆ ‘ಅಸ್ಯೂಮ್’ ಅಂತ ಇನ್ನೊಂದು ವಾಕ್ಯ. ಮಕ್ಕಳು ಲೈಮ್‌ಸ್ಟೋನ್, ಕ್ವಿಕ್‌ಲೈಮ್ ಎರಡರ ಅರ್ಥ ಬರೆದುಕೊಂಡು, ‘ಆಫ್’ ಎಂಬುದನ್ನು ಹಾರಿ, 250 ಗ್ರಾಮಿನಿಂದಲೇ ಲೆಕ್ಕ ಶುರುಮಾಡುತ್ತಾರೆ. ಉತ್ತರ 140 ಗ್ರಾಂ ಬರುತ್ತದೆ. ಅದು ತಪ್ಪು.

ಕ್ರಿಯೆ ಇದು:

CaCO₃ → CaO + CO₂

100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ 56 ಗ್ರಾಂ ಸುಟ್ಟ ಸುಣ್ಣ, 44 ಗ್ರಾಂ ಕಾರ್ಬನ್ ಡೈಆಕ್ಸೈಡ್. ‘ಆಫ್ 80 ಪರ್ಸೆಂಟ್ ಪ್ಯೂರಿಟಿ’ ಅಂದರೆ ಕಲ್ಲಿನಲ್ಲಿ ನೂರಕ್ಕೆ 80 ಭಾಗ ಮಾತ್ರ ಆ ಸಂಯುಕ್ತ, ಉಳಿದದ್ದು ಮಣ್ಣು, ಮರಳಿನಂಥ ಬೇರೆ ದ್ರವ್ಯ. 250ರ ಶೇಕಡಾ 80 ಅಂದರೆ 200 ಗ್ರಾಂ. ಅದರಿಂದ 112 ಗ್ರಾಂ ಕ್ವಿಕ್‌ಲೈಮ್, 88 ಗ್ರಾಂ ಅನಿಲ. ಸರಿಯಾಯಿತೇ ಅಂತ ನೋಡಿಕೊಳ್ಳಲು ಕೂಡಿಸು: 112, 88, ಉಳಿದ 50 ಗ್ರಾಂ ಬೇರೆ ದ್ರವ್ಯ, ಒಟ್ಟು 250. ತಾಳೆಯಾಯಿತು. 140 ಬರೆದವರು ಹೀಗೆ ಕೂಡಿಸಲು ಹೋಗಿದ್ದರೆ ಬೇರೆ ದ್ರವ್ಯಕ್ಕೆ ಜಾಗವೇ ಉಳಿದಿಲ್ಲ ಎಂದು ಅವರಿಗೇ ಗೊತ್ತಾಗುತ್ತಿತ್ತು. ‘ಅಸ್ಯೂಮ್’ ಎಂಬ ಸಾಲಿಗೂ ಕೆಲಸವಿದೆ. ನಿಜವಾದ ಭಟ್ಟಿಯಲ್ಲಿ ಕಲ್ಲು ಒಳಗಿನವರೆಗೆ ಸುಡದೆ ಉಳಿಯಬಹುದು. ಈ ಲೆಕ್ಕದಲ್ಲಿ ಆ ಚಿಂತೆ ಬಿಡು ಅಂತ ಅದು ಹೇಳುತ್ತಿದೆ. ಅಸ್ಯೂಮ್ ಎಂಬುದಕ್ಕೆ ಡಿಕ್ಷನರಿಯ ‘ಊಹಿಸು’ ಅಂತ ಬರೆದುಕೊಂಡವರು ಉತ್ತರವನ್ನೇ ಊಹಿಸಲು ಹೋಗುತ್ತಾರೆ. ‘ಇದನ್ನು ನಿಜ ಅಂತ ಒಪ್ಪಿಕೊಂಡು ಲೆಕ್ಕ ಮಾಡು’ ಅಂತ ಬರೆದುಕೊ.

‘ಆಫ್’ ಸಾಲಾಗಿ ಬಂದಾಗ ಒಂದು ಉಪಾಯ ಹೇಳುತ್ತೇನೆ: ಹಿಂದಿನಿಂದ ಓದು. ಆಕ್ಸಿಲರೇಷನ್ ಅಂದರೆ ‘ರೇಟ್ ಆಫ್ ಚೇಂಜ್ ಆಫ್ ವೆಲಾಸಿಟಿ’ ಅನ್ನುತ್ತದೆ ಪುಸ್ತಕ. ಬಾಲದಿಂದ ಹಿಡಿದು ಬಾ: ವೆಲಾಸಿಟಿಯ, ಬದಲಾವಣೆಯ, ದರ. ಕನ್ನಡ ವಾಕ್ಯ ತಾನಾಗಿ ಸಿದ್ಧವಾಯಿತು. ‘ಸಬ್‌ಟ್ರ್ಯಾಕ್ಟ್ 5 ಫ್ರಮ್ 12’ ಎಂಬಲ್ಲೂ ಹಾಗೇ, ‘12ರಿಂದ 5 ಕಳೆ’. ಕಣ್ಣಿಗೆ ಮೊದಲು ಬಿದ್ದ ಅಂಕಿಯನ್ನೇ ಮೊದಲು ಬರೆದು 5ರಿಂದ 12 ಕಳೆದವರನ್ನು ಪಿ.ಯು.ದಲ್ಲೂ ನೋಡಿದ್ದೇನೆ. ಈ ಉಪಾಯ ಎಲ್ಲ ವಾಕ್ಯಕ್ಕೂ ನಡೆಯುವುದಿಲ್ಲ. ‘ಇಫ್’, ‘ವೆನ್’ ಇರುವ ಉದ್ದ ವಾಕ್ಯವನ್ನು ಮೊದಲು ಅಲ್ಪವಿರಾಮ ಇದ್ದಲ್ಲಿ ಎರಡು ಮಾಡಿಕೊ, ಆಮೇಲೆ ಒಂದೊಂದೇ ತುಂಡು ಬಿಡಿಸು.

‘ರೆಸ್ಪೆಕ್ಟಿವ್ಲಿ’ ನಿನಗೆ ಗೊತ್ತಿರುವುದೇ, ಗಣಿತದ ಪುಸ್ತಕದ ‘ಕ್ರಮವಾಗಿ’. 2 ಮತ್ತು 3 ಕಿಲೋಗ್ರಾಂ ರಾಶಿಯ ಎರಡು ವಸ್ತುಗಳು ಸೆಕೆಂಡಿಗೆ 4 ಮತ್ತು 6 ಮೀಟರ್ ವೇಗದಲ್ಲಿ, ರೆಸ್ಪೆಕ್ಟಿವ್ಲಿ, ಅಂದರೆ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು. ‘ಇನ್ ಟರ್ಮ್ಸ್ ಆಫ್’ ಬಂದರೆ, ಉತ್ತರದಲ್ಲಿ ಅವರು ಹೇಳಿದ ಅಕ್ಷರಗಳು ಮಾತ್ರ ಉಳಿಯಬೇಕು, ಬೇರೆ ಯಾವುದೂ ಇರಬಾರದು. ‘ನೆಗ್ಲಿಜಿಬಲ್’ ಅಂದರೆ ಇದೆ, ಆದರೆ ಲೆಕ್ಕಕ್ಕೆ ಹಿಡಿಯದಷ್ಟು ಸಣ್ಣದು. ‘ವಿತ್ ರೆಸ್ಪೆಕ್ಟ್ ಟು’ ಎಂಬುದರಲ್ಲಿ ಗೌರವದ ಮಾತೇ ಇಲ್ಲ. ವಾಡಿ ಜಂಕ್ಷನ್ನಿನಲ್ಲಿ ನಿಂತ ರೈಲಿನಲ್ಲಿ ನೀನು ಕೂತಿರುವಾಗ ಪಕ್ಕದ ರೈಲು ಹೊರಟಿತು ಅಂದುಕೊ. ನಿನ್ನ ಡಬ್ಬಿಗೆ ಹೋಲಿಸಿದರೆ ಅದು ಚಲಿಸುತ್ತಿದೆ, ಅದರೊಳಗೆ ಕೂತವರಿಗೆ ಹೋಲಿಸಿದರೆ ನಿಂತೇ ಇದೆ. ‘ಯಾವುದಕ್ಕೆ ಹೋಲಿಸಿ’ ಅಂತ ಬರೆದುಕೊ, ಸಾಕು.

ಪ್ರಶ್ನೆಪತ್ರಿಕೆಯಲ್ಲಿ ವಾಕ್ಯದ ಮೊದಲ ಶಬ್ದಕ್ಕೆ ವಹಿಯಲ್ಲಿ ಒಂದು ಪೂರ್ತಿ ಪುಟ ಇಡು. ‘ಸ್ಟೇಟ್’ ಅಂದರೆ ನಿಯಮವನ್ನು ಪುಸ್ತಕದ ಮಾತಿನಲ್ಲಿ ಹೇಳು, ಅಷ್ಟೇ; ಇಲ್ಲಿ ವಿವರಣೆ ಬರೆಯುತ್ತ ಕೂತರೆ ಹೊತ್ತು ಹೋಗುತ್ತದೆ, ಮಾರ್ಕು ಹೆಚ್ಚುವುದಿಲ್ಲ. ‘ಎಕ್ಸ್‌ಪ್ಲೇನ್’ ಅಂದರೆ ಹೇಗೆ, ಯಾಕೆ ಎರಡೂ ಬರಬೇಕು. ‘ಡಿರೈವ್’ ಅಂದರೆ ಗೊತ್ತಿರುವ ಸಂಬಂಧದಿಂದ ಹೊರಟು, ಒಂದು ಮೆಟ್ಟಿಲನ್ನೂ ಬಿಡದೆ, ಕೇಳಿದ ಸೂತ್ರಕ್ಕೆ ಬಂದು ನಿಲ್ಲು. ಬೇಕಾದಲ್ಲಿ ಚಿತ್ರ, ಚಿತ್ರದಲ್ಲಿ ಹಾಕಿದ ಅಕ್ಷರ ಏನು ಅಂತ ಒಂದು ಸಾಲು. ಬರೀ ಕೊನೆಯ ಸೂತ್ರ ಬರೆದರೆ ಡಿರೈವ್ ಆಗಲಿಲ್ಲ. ‘ಡಿಸ್ಟಿಂಗ್ವಿಷ್’ ಬಂದರೆ ಎರಡು ಕಾಲಂ ಹಾಕು, ಎಡಗಡೆ ಹೇಳಿದ ಗುಣಕ್ಕೆ ಬಲಗಡೆ ಅದೇ ಗುಣದ ಉತ್ತರ ಇರಬೇಕು; ಎಡಗಡೆ ಮಾನ, ಬಲಗಡೆ ಉದಾಹರಣೆ ಬರೆದರೆ ಹೋಲಿಕೆಯೇ ಆಗುವುದಿಲ್ಲ. ‘ಹೆನ್ಸ್’ ನಡುವೆ ಕಂಡರೆ, ಈಗ ತಾನೇ ಮಾಡಿದ್ದನ್ನೇ ಬಳಸಿ ಮುಂದಿನದು ಮಾಡು ಅಂತ ಅರ್ಥ, ಮತ್ತೆ ಮೊದಲಿನಿಂದ ಶುರು ಮಾಡಬೇಡ.

ವಹಿ ಹೇಗಿರಬೇಕು ಅಂತ ಕೇಳುತ್ತೀ. ಇನ್ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಅಕಾರಾದಿಯಾಗಿ ಬರೆಯಬೇಡ, ಪಾಠದ ಕ್ರಮದಲ್ಲಿ ಬರೆ, ಯಾಕಂದರೆ ಒಂದು ಪಾಠದ ಶಬ್ದಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ನಾಳೆ ನಡೆಯುವ ಪಾಠದ ನಾಲ್ಕು ಪುಟ ಇವತ್ತೇ ಕಣ್ಣಾಡಿಸಿ, ದಪ್ಪ ಅಕ್ಷರದಲ್ಲಿರುವ ಶಬ್ದ, ಮತ್ತೆ ಮತ್ತೆ ಬರುವ ಶಬ್ದ ಆರಿಸಿಕೊ. ದಿನಕ್ಕೆ ಐದಾರಕ್ಕಿಂತ ಹೆಚ್ಚು ಬೇಡ. ಎಡಪುಟದಲ್ಲಿ ನಿನ್ನ ಮಾತು, ಬಲಪುಟದಲ್ಲಿ ಪುಸ್ತಕದ ಇಂಗ್ಲಿಷ್ ವ್ಯಾಖ್ಯೆ ಅಕ್ಷರಶಃ. ಬಲಪುಟ ಬಿಡಲೇಬೇಡ. ಇಂಗ್ಲಿಷಿನಲ್ಲಿ ಪರೀಕ್ಷೆ ಬರೆಯುವಾಗ ಮಾರ್ಕು ಕೊಡುವವರು ನೋಡುವುದು ಆ ವ್ಯಾಖ್ಯೆಯನ್ನೇ, ನಿನ್ನ ಎಡಪುಟ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಗೆ ಹೋಗುವುದಿಲ್ಲ. ಹಾಗಂತ ಬಲಪುಟವನ್ನಷ್ಟೇ ಬಾಯಿಪಾಠ ಮಾಡಿದರೆ ಲೆಕ್ಕ ಕೈಗೆ ಬರುವುದಿಲ್ಲ.

ಕೆಲವು ಶಬ್ದಗಳಿಗೆ ಕನ್ನಡ ಹುಡುಕುತ್ತ ಹೊತ್ತು ಕಳೆಯಬೇಡ. ಮೋಲ್ ಎಂಬುದನ್ನು ಮೋಲ್ ಅಂತಲೇ ಇಟ್ಟುಕೊ. ಅದು ಒಂದು ಎಣಿಕೆ: 6.022 × 10²³ ಕಣ. ಡಜನ್ ಅಂದರೆ ಹನ್ನೆರಡು ಅಂತ ಎಣಿಸುವ ಹಾಗೆಯೇ. ಒಂದು ಮೋಲ್ ಕ್ಯಾಲ್ಸಿಯಂ ಕಾರ್ಬೊನೇಟ್ ತೂಗಿದರೆ 100 ಗ್ರಾಂ, ಮೇಲಿನ ಲೆಕ್ಕದ 100 ಬಂದದ್ದು ಅಲ್ಲಿಂದಲೇ.

ಬರೆದದ್ದು ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯಲು ಎರಡು ಪರೀಕ್ಷೆ ಮಾಡು. ಎಡಪುಟದ ಸಾಲನ್ನು ನಿನ್ನ ತಮ್ಮನಿಗೋ ಅವ್ವನಿಗೋ ಓದಿ ಹೇಳು. ‘ಹಾಂಗಂದ್ರೇನು?’ ಅಂತ ಅವರು ತಿರುಗಿ ಕೇಳಿದ ಶಬ್ದ ಯಾವುದೋ ಅದು ನಿನಗೂ ಸರಿಯಾಗಿ ಗೊತ್ತಿಲ್ಲ. ಆ ಸಾಲು ಹೊಡೆದುಹಾಕಿ ಮತ್ತೆ ಬರೆ. ಎರಡನೆಯದು, ಆ ಶಬ್ದ ಇರುವ ಒಂದು ಲೆಕ್ಕ ಬಿಡಿಸಿ, ಉತ್ತರದ ಮಾನ ನೋಡು. ಪವರ್ ಕೇಳಿದ್ದಕ್ಕೆ ಉತ್ತರ ಜೂಲಿನಲ್ಲಿ ಬಂದಿದ್ದರೆ, ಪವರ್ ಎಂಬಲ್ಲಿ ನೀನು ಎನರ್ಜಿ ಅಂತ ಓದಿಕೊಂಡಿದ್ದೀ. ಎಡಪುಟಕ್ಕೆ ಹಿಂದಿರುಗಿ ‘ಒಂದು ಸೆಕೆಂಡಿಗೆ’ ಎಂಬುದನ್ನು ಕೆಂಪು ಶಾಯಿಯಲ್ಲಿ ಸೇರಿಸು.

ತರಗತಿಯಲ್ಲಿ ಲೆಕ್ಚರರು ಒಂದು ಶಬ್ದ ಹೇಳಿ ಮುಂದೆ ಹೋದಾಗ ಅದರ ಅರ್ಥ ಹುಡುಕುತ್ತ ಕೂರಬೇಡ, ಪಾಠದ ಉಳಿದ ಭಾಗ ಕೈತಪ್ಪುತ್ತದೆ. ಕೇಳಿದ ಹಾಗೆ ಕನ್ನಡ ಅಕ್ಷರದಲ್ಲಿ ಅಂಚಿಗೆ ಗೀಚಿಕೊ. ಪಾಠ ಮುಗಿದ ಮೇಲೆ ಅವರ ಹತ್ತಿರ ಹೋಗಿ, ‘ಸರ್, ಈ ಶಬ್ದದ ಸ್ಪೆಲಿಂಗ್ ಹೇಳ್ರಿ’ ಅಂತ ಕೇಳು. ಸ್ಪೆಲಿಂಗ್ ಸಿಕ್ಕರೆ ಪುಸ್ತಕದ ಕೊನೆಯ ಸೂಚಿಯಲ್ಲೋ, ಪಾಠದಲ್ಲೋ ನೀನೇ ಹುಡುಕಿಕೊಳ್ಳಬಹುದು. ಬಸ್ಸಿನಲ್ಲಿ ವಾಪಸು ಬರುವಾಗ ಜೊತೆಯ ಗೆಳತಿಯರೊಂದಿಗೆ ಆ ದಿನದ ಐದು ಶಬ್ದಗಳನ್ನು ನಮ್ಮ ಮಾತಿನಲ್ಲೇ ಬಿಡಿಸಿ ಹೇಳಿಕೊಳ್ಳಿ. ನಿಮ್ಮ ನಿಮ್ಮ ಸಾಲು ಬೇರೆಯಾಗಿದ್ದರೆ ಎರಡನ್ನೂ ಒಂದು ಲೆಕ್ಕಕ್ಕೆ ಹಚ್ಚಿ ನೋಡಿ, ತಾಳೆಯಾದ ಸಾಲನ್ನು ವಹಿಯಲ್ಲಿ ಇಟ್ಟುಕೊಳ್ಳಿ.